ಹೊಲಿಗೆ ಯಂತ್ರ ಹುಡುಕುವವರಲ್ಲಿ ಕೊಳ್ಳುವವರು ಯಾರು? ದುಡ್ಡು ಹಾಕುವ ಮೊದಲೇ ತಿಳಿಯುವ ಬಗೆ

ಕೇಳಿದವರು: ಮನೆಬಳಕೆಯ ಹೊಸ ಹೊಲಿಗೆ ಯಂತ್ರಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಮೊದಲ ಸಲ ಸರ್ಚ್ ಜಾಹೀರಾತು ಹಾಕಬೇಕೆಂದಿದ್ದೇನೆ. ಜನ ಹುಡುಕುವ ಪದಗಳನ್ನು ತೋರಿಸುವ ಗೂಗಲ್‌ನ ಕೀವರ್ಡ್ ಪ್ಲಾನರ್ ನೂರಾರು ಪದಗಳನ್ನು ಮುಂದಿಟ್ಟಿದೆ. ಕೊಳ್ಳಲು ಬಂದವರ ಹುಡುಕಾಟ ಯಾವುದೆಂದು ಹಣ ಹಾಕುವ ಮೊದಲೇ ಗುರುತಿಸುವುದು ಹೇಗೆ? ಮಾಡಿ ನೋಡಿದವರು ತಿಳಿಸಿ.

ಗೃಹೋಪಯೋಗಿ ವಸ್ತುಗಳ ಮಾರಾಟಗಾರ: ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪುಟದ ಮೇಲ್ಭಾಗಕ್ಕೆ ಬೇಕಾಗುವ ಬಿಡ್, ಅಂದರೆ ಒಂದು ಕ್ಲಿಕ್ಕಿಗೆ ಕೊಡಲೊಪ್ಪುವ ಹಣ, ಎಷ್ಟೆಂದು ಪ್ಲಾನರ್‌ನಲ್ಲೇ ಇರುತ್ತದೆ. ದುಬಾರಿ ಪದವನ್ನು ಮೇಲಕ್ಕೆ ತನ್ನಿ. ಲಾಭ ಬರದೆ ಯಾರೂ ಅಷ್ಟು ಕೊಡುವುದಿಲ್ಲ. ನಾನು ಹಾಗೆಯೇ ಆರಿಸುತ್ತೇನೆ.

ಜಾಹೀರಾತು ಖಾತೆಗಳನ್ನು ನೋಡಿಕೊಳ್ಳುವವರು: ಅದರಲ್ಲಿ ಅರ್ಧ ನಿಜವಿದೆ. ಬಿಡ್ ಹೆಚ್ಚಿದ್ದರೆ ಆ ಪದದಿಂದ ಯಾರಿಗೋ ಸಂಪಾದನೆ ಆಗುತ್ತಿರಬಹುದು. ಆದರೆ ಅದು ನಿಮ್ಮ ಸರಕನ್ನು ಮಾರುವವರಿಗೇ ಆಗುತ್ತಿದೆ ಎನ್ನುವಂತಿಲ್ಲ. ‘ಹೊಲಿಗೆ ಯಂತ್ರ ರಿಪೇರಿ’ ಎಂದು ಹುಡುಕುವವರು ಹಣ ಕೊಡಲು ಸಿದ್ಧರಾಗಿಯೇ ಬಂದಿರುತ್ತಾರೆ. ರಿಪೇರಿಯವರು ಪೈಪೋಟಿಯಿಂದ ಬಿಡ್ ಏರಿಸಿರಲೂಬಹುದು. ಹೊಸ ಯಂತ್ರ ಮಾರುವ ನಿಮಗೆ ಆ ಕ್ಲಿಕ್ ಬರೀ ಖರ್ಚು.

ಆದ್ದರಿಂದ ಪ್ರತಿ ಪದದ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮನುಷ್ಯನ ಬಳಿ ಈಗಾಗಲೇ ಯಂತ್ರ ಇದೆಯೇ? ‘ದಾರ ಪೋಣಿಸುವುದು ಹೇಗೆ’, ‘ಸೂಜಿ ಮುರಿಯಲು ಕಾರಣ’, ‘ಬಾಬಿನ್’ ಎಂದು ಹುಡುಕುವವರ ಬಳಿ ಬಹುಮಟ್ಟಿಗೆ ಇರುತ್ತದೆ. ಅವರನ್ನು ಪಕ್ಕಕ್ಕಿಡಿ. ‘ಹಳೆಯ ಯಂತ್ರ’, ‘ಬಾಡಿಗೆಗೆ’ ಎನ್ನುವವರ ಬಳಿ ಇಲ್ಲ, ಆದರೆ ಅವರು ಕೇಳುವುದು ನಿಮ್ಮಲ್ಲಿಲ್ಲ. ‘ಆರಂಭಿಕರಿಗೆ ಯಾವುದು ಒಳ್ಳೆಯದು’ ಎನ್ನುವವರು ಇನ್ನೂ ತೂಗಿ ನೋಡುತ್ತಿದ್ದಾರೆ. ಮಾದರಿಯ ಹೆಸರಿನ ಜೊತೆ ‘ಖರೀದಿ’, ‘ಹೋಂ ಡೆಲಿವರಿ’, ‘ಕಂತು’ ಎಂದು ಹಾಕಿದವರು ಬಾಗಿಲಿಗೆ ಬಂದು ನಿಂತವರು. ನಿಮ್ಮ ಮೊದಲ ಹಣ ಅವರಿಗಾಗಿ ಮಾತ್ರ ಇರಲಿ. ತಿಂಗಳ ಹುಡುಕಾಟ ಕಡಿಮೆ ಎಂದು ಪ್ಲಾನರ್ ತೋರಿಸಿದರೂ ಅಂಜಬೇಡಿ. ಹೊಸ ಖಾತೆಗೆ ಅದು ಸಾಮಾನ್ಯವಾಗಿ ತೋರಿಸುವುದು 100ರಿಂದ 1,000, 1,000ದಿಂದ 10,000 ಎಂಬಂಥ ಅಗಲವಾದ ಅಂದಾಜು. ಅದರ ಮೇಲೆ ಸೂಕ್ಷ್ಮ ಲೆಕ್ಕ ಕಟ್ಟಲಾಗದು.

ಬೇಡದ ಪದಗಳನ್ನು ಎಸೆಯಬೇಡಿ, ಜಾಹೀರಾತು ಕಾಣಿಸಬಾರದ ಪದಗಳ ನೆಗೆಟಿವ್ ಪಟ್ಟಿಗೆ ಸೇರಿಸಿ. ಒಂದು ಎಚ್ಚರ: ‘ರಿಪೇರಿ’ ಎಂದು ಹಾಕಿದ ಮಾತ್ರಕ್ಕೆ ‘ದುರಸ್ತಿ’ ಎಂಬ ಹುಡುಕಾಟ ನಿಲ್ಲುವುದಿಲ್ಲ. ಕೀವರ್ಡ್‌ಗಳ ವಿಷಯದಲ್ಲಿ ಗೂಗಲ್ ಸಮಾನಾರ್ಥಕಗಳನ್ನು ತಾನೇ ಸೇರಿಸಿಕೊಳ್ಳುತ್ತದೆ, ನೆಗೆಟಿವ್ ವಿಷಯದಲ್ಲಿ ಸೇರಿಸುವುದಿಲ್ಲ. ಏಕವಚನ, ಬಹುವಚನಗಳನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಹೊಲಿಗೆ ಕಲಿಸುವವರು: ನೀವು ಪಕ್ಕಕ್ಕಿಡುವ ‘ದಾರ ಪೋಣಿಸುವುದು ಹೇಗೆ’ ಎಂಬುದೇ ನನಗೆ ಆಸರೆ. ಹಾಗೆ ಹುಡುಕಿದವರು ನನ್ನ ವೀಡಿಯೊ ನೋಡಿ, ಆಮೇಲೆ ತರಗತಿಗೆ ಸೇರುತ್ತಾರೆ. ನೀವೂ ಅಂಥ ವೀಡಿಯೊ ಮಾಡಿ ಹಾಕಿದರೆ ಜಾಹೀರಾತೇ ಬೇಕಾಗದು.

ಕೇಳಿದವರು: ವೀಡಿಯೊ ಮುಂದೆ ನೋಡೋಣ ಮೇಡಂ, ಸದ್ಯಕ್ಕೆ ಜಾಹೀರಾತಿನ ಮಾತು. ನನಗೆ ತೊಡಕಾಗಿರುವುದು ‘ಹೊಲಿಗೆ ಯಂತ್ರ ಬೆಲೆ’. ಕೊಳ್ಳುವವರೂ ಹಾಗೆಯೇ ಹುಡುಕುತ್ತಾರೆ, ಸುಮ್ಮನೆ ಕುತೂಹಲಕ್ಕೂ ಹುಡುಕುತ್ತಾರೆ. ಇದನ್ನು ಎಲ್ಲಿಡಲಿ?

ಜಾಹೀರಾತು ಖಾತೆಗಳನ್ನು ನೋಡಿಕೊಳ್ಳುವವರು: ಇಂಥ ಪದವನ್ನು ಮನಸ್ಸಿನಲ್ಲೇ ತೀರ್ಮಾನಿಸಬೇಡಿ, ಹುಡುಕಿ ನೋಡಿ. ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಅದನ್ನೇ ಟೈಪ್ ಮಾಡಿ, ಯಾರ ಜಾಹೀರಾತನ್ನೂ ಒತ್ತದೆ ಮೊದಲ ಪುಟ ಓದಿ. ಅಂಗಡಿಗಳ ಪುಟಗಳು, ಚಿತ್ರ-ಬೆಲೆಗಳ ಸಾಲು ತುಂಬಿದ್ದರೆ ಹುಡುಕುವವರಲ್ಲಿ ಹೆಚ್ಚಿನವರು ಕೊಳ್ಳುವ ಅಂಚಿನಲ್ಲಿದ್ದಾರೆ. ಲೇಖನ, ವೀಡಿಯೊಗಳೇ ತುಂಬಿದ್ದರೆ ಬಿಡಿ. ಕೈಗಾರಿಕಾ ಯಂತ್ರಗಳು ಬೆರೆತಿದ್ದರೆ ಪದ ತೀರ ಅಗಲವಾಯಿತು ಎಂದರ್ಥ. ‘ಮನೆಬಳಕೆ’ ಸೇರಿಸಿ ಮತ್ತೆ ನೋಡಿ.

ಆಮೇಲೆ ಒಂದು ಲೆಕ್ಕ ಹಾಕಿ. 100 ಕ್ಲಿಕ್ಕಿಗೆ ಇಬ್ಬರು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಆಗ ಒಂದು ಯಂತ್ರದ ಲಾಭವನ್ನು 50ರಿಂದ ಭಾಗಿಸಿದಷ್ಟೇ ನೀವು ಒಂದು ಕ್ಲಿಕ್ಕಿಗೆ ಕೊಡಬಲ್ಲ ಗರಿಷ್ಠ ಮೊತ್ತ. ಪ್ಲಾನರ್‌ನ ಕನಿಷ್ಠ ಬಿಡ್ಡೇ ಅದನ್ನು ಮೀರಿದರೆ, ಪದ ಎಷ್ಟೇ ಚೆನ್ನಾಗಿದ್ದರೂ ಸದ್ಯಕ್ಕೆ ನಿಮ್ಮದಲ್ಲ.

ಗೃಹೋಪಯೋಗಿ ವಸ್ತುಗಳ ಮಾರಾಟಗಾರ: ರಿಪೇರಿಯ ಮಾತು ಒಪ್ಪಿದೆ. ಆದರೆ ‘ಯಾವುದು ಒಳ್ಳೆಯದು’ ಎನ್ನುವವರನ್ನು ಹೊರಗಿಡುವುದನ್ನು ಒಪ್ಪಲಾರೆ. ತೂಗಿ ನೋಡುವವರ ಎದುರು ಆಗಲೇ ಕಾಣಿಸಿಕೊಳ್ಳದಿದ್ದರೆ ಅವರು ಬೇರೆಯವರ ಮಾದರಿಯ ಹೆಸರು ಹಿಡಿದು ಹೊರಡುತ್ತಾರೆ.

ಜಾಹೀರಾತು ಖಾತೆಗಳನ್ನು ನೋಡಿಕೊಳ್ಳುವವರು: ಹೋಲಿಕೆಯ ಪುಟ ಇದ್ದವರಿಗೆ ಅದು ಸರಿ. ಒಂದೇ ಮಾದರಿ ತೋರಿಸುವ ಪುಟಕ್ಕೆ ಅವರನ್ನು ಕರೆತಂದರೆ ನಿಲ್ಲುವುದಿಲ್ಲ. ನಿಮ್ಮಲ್ಲಿ ಅಂಥ ಪುಟ ಇದೆಯೇ?

ಕೇಳಿದವರು: ಇಲ್ಲ. ‘ಬೆಲೆ’ ಹುಡುಕಿ ನೋಡಿದೆ: ಮೇಲೆ ಅಂಗಡಿಗಳು, ಕೆಳಗೆ ಅರ್ಧದಷ್ಟು ಕೈಗಾರಿಕಾ ಯಂತ್ರಗಳು. ‘ಮನೆಬಳಕೆ’ ಸೇರಿಸಿದ ಪದವನ್ನೇ ಉಳಿಸಿಕೊಂಡು, ‘ಕೈಗಾರಿಕಾ’ ಎಂಬುದನ್ನು ನೆಗೆಟಿವ್‌ಗೆ ಹಾಕಿದ್ದೇನೆ. ಹೋಲಿಕೆಯ ಪುಟ ಬರೆಯಬೇಕೋ ಬೇಡವೋ ಇನ್ನೂ ಯೋಚಿಸುತ್ತಿದ್ದೇನೆ.