ವರ್ಷದ ಬಜೆಟ್‌ನಲ್ಲಿ ಲಾಭ ಇದೆ, ಮೇ ತಿಂಗಳಲ್ಲಿ ರೊಕ್ಕ ಇಲ್ಲ

ತಿಕೋಟಾ ವ್ಯಾಪಾರಿ: ಸಾಹೇಬ್ರ, ನಮ್ಮದು ಒಣದ್ರಾಕ್ಷಿ ಪ್ಯಾಕಿಂಗ್. ವರ್ಷದ ಬಜೆಟ್‌ನಲ್ಲಿ 6 ಲಕ್ಷ ಲಾಭ ಬರುತ್ತದೆ. ಆದರೂ ಮೇನಲ್ಲಿ ರೈತರಿಗೆ ಕೊಡಲು ರೊಕ್ಕ ಸಾಲುತ್ತದಾ ಅಂತ ಹೆದರಿಕೆ. ಏಪ್ರಿಲ್ 1ಕ್ಕೆ ಕೈಯಲ್ಲಿ 4 ಲಕ್ಷ. ಮಾರಾಟ ಮಾರ್ಚ್‌ನಲ್ಲಿ 8 ಲಕ್ಷ, ಏಪ್ರಿಲ್ ಮತ್ತು ಮೇ ತಲಾ 10. ಅರ್ಧ ಆಗಲೇ ಬರುತ್ತದೆ, ಅರ್ಧ ಮುಂದಿನ ತಿಂಗಳು. ಖರೀದಿ ಏಪ್ರಿಲ್‌ನಲ್ಲಿ 10, ಮೇನಲ್ಲಿ 12, ಎಲ್ಲಾ ರೋಖ. ಕೂಲಿ, ಕರೆಂಟ್, ಬಾಡಿಗೆ ತಿಂಗಳಿಗೆ ಒಂದೂವರೆ.

ಸಿಎ: ಹೆದರಿಕೆ ಸರಿಯಾಗೇ ಇದೆ. ಏಪ್ರಿಲ್‌ನಲ್ಲಿ ಬರುವುದು ಮಾರ್ಚ್‌ನ ಬಾಕಿ 4, ಏಪ್ರಿಲ್‌ನ ಅರ್ಧ 5, ಒಟ್ಟು 9. ಹೋಗುವುದು ಹನ್ನೊಂದೂವರೆ. ಉಳಿದದ್ದು ಒಂದೂವರೆ ಲಕ್ಷ. ಮೇನಲ್ಲಿ 10 ಬರುತ್ತದೆ, ಹದಿಮೂರೂವರೆ ಹೋಗುತ್ತದೆ, ಅಲ್ಲಿಗೆ 2 ಲಕ್ಷ ಕೊರತೆ. ಗಲ್ಲಾದಲ್ಲಿ 1 ಲಕ್ಷವಾದರೂ ಇರಬೇಕು ಅಂದರೆ 3 ಲಕ್ಷದ ವ್ಯವಸ್ಥೆ ಏಪ್ರಿಲ್‌ನಲ್ಲೇ ಮಾಡಿಕೊಳ್ಳಿ. ಮೇನಲ್ಲಿ ಕೊಂಡ ಮಾಲು ಗೋದಾಮಿನಲ್ಲಿ ಕುಳಿತಿರುತ್ತದೆ, ಮಾರುವ ತನಕ ಅದು ಲಾಭನಷ್ಟದಲ್ಲಿ ಖರ್ಚೇ ಅಲ್ಲ. ಅದಕ್ಕೇ ಲಾಭ ಕಾಣುತ್ತದೆ, ರೊಕ್ಕ ಕಾಣುವುದಿಲ್ಲ.

ಇನ್ನೊಂದು ಮಾತು, ಆ 3 ಲಕ್ಷದ ಬಡ್ಡಿ ನಿಮ್ಮ 6 ಲಕ್ಷ ಲಾಭದಲ್ಲಿ ಕಳೆದಿದೆಯಾ? ಕಳೆಯದಿದ್ದರೆ ಮಾಸ್ಟರ್ ಬಜೆಟ್ ಇನ್ನೂ ಮುಗಿದಿಲ್ಲ. ಮಾರಾಟದಿಂದ ಶುರುಮಾಡಿ, ಖರೀದಿ, ಖರ್ಚು, ನಗದು ಅಂತ ಬಂದು, ಮತ್ತೆ ಬಡ್ಡಿ ಹಿಡಿದು ಲಾಭಕ್ಕೆ ಹೋಗಬೇಕು. ಮೇ ಕೊನೆಯ ಅಂದಾಜು ಆಸ್ತಿ-ಹೊಣೆ ಪಟ್ಟಿ ಬರೆದು ನೋಡಿ. ಅದರಲ್ಲಿ ಗಿರಾಕಿಗಳ ಬಾಕಿ 5 ಲಕ್ಷ ಬರಬೇಕು, ಕೈಯಲ್ಲಿನ ನಗದು ನಿಮ್ಮ ನಗದು ಬಜೆಟ್‌ಗೆ ತಾಳೆಯಾಗಬೇಕು. ಆಗದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟಿದ್ದೀರಿ.

ಬಾಗಲಕೋಟೆ ತಮ್ಮ: ಸವಕಳಿಯನ್ನೂ ಖರ್ಚಿನಲ್ಲಿ ಸೇರಿಸಬೇಕಲ್ವಾ?

ಸಿಎ: ಲಾಭದಲ್ಲಿ ಹೌದು. ನಗದಿನಲ್ಲಿ ಇಲ್ಲ.

ಇಳಕಲ್ ಅಕ್ಕ: ನಂದು ಸೀರೆ ಅಂಗಡಿ. ಮಗ್ಗದ ಸಾಲದ ಕಂತು ಎಲ್ಲಿ ಬರೆಯಲಿ?

ಸಿಎ: ಪೂರ್ತಿ ಕಂತು ನಗದು ಬಜೆಟ್‌ನಲ್ಲಿ. ಲಾಭಕ್ಕೆ ಬಡ್ಡಿ ಭಾಗ ಮಾತ್ರ.

ಗೋಕಾಕ ಕಾಕಾ: ಫಾರ್ವರ್ಡ್ ಬಂದಿದೆ: "ಹೋದ ವರ್ಷದ ಲೆಕ್ಕಕ್ಕೆ 10 ಪರ್ಸೆಂಟ್ ಸೇರಿಸಿ 12ರಿಂದ ಭಾಗಿಸಿ, ಬಜೆಟ್ ರೆಡಿ".

ಸಿಎ: ಕಾಕಾ, ಅದನ್ನು ಇಲ್ಲಿ ಹಾಕಬೇಡಿ. ಇವರು ಖರೀದಿಯನ್ನು 12ರಿಂದ ಭಾಗಿಸಿದರೆ ಮೇನ ಕೊರತೆ ಕಾಣುವುದೇ ಇಲ್ಲ. ಸುಗ್ಗಿ ಏನು ಹನ್ನೆರಡು ತಿಂಗಳೂ ಇರುತ್ತದಾ?

ಗೋಕಾಕ ಕಾಕಾ: ನಾವು 30 ವರ್ಷ ಬಜೆಟ್ ಇಲ್ಲದೇ ವ್ಯಾಪಾರ ಮಾಡಿದ್ದೇವೆ.

ಇಳಕಲ್ ಅಕ್ಕ: ಮಾವನೋರ ಕಿಸೆಯಿಂದ ತೆಗೆದು ಮಾಡಿರ್ತೀರಿ.

ಗೋಕಾಕ ಕಾಕಾ: ಮನೆ ಮಾತು ಇಲ್ಲಿ ಯಾಕ?

ಬಾಗಲಕೋಟೆ ತಮ್ಮ: ಸರ್, ಕೋಲ್ಡ್ ಸ್ಟೋರೇಜ್ ರಸೀದಿ ಅಡವಿಟ್ಟು ಸಾಲ ತಗೊಂಡರೆ ಹೇಗೆ? ಮತ್ತೆ, ಸವಕಳಿ ನಗದಿನಲ್ಲಿ...

ಸಿಎ: ಸವಕಳಿ ಮೇಲೆ ಬರೆದಿದ್ದೇನೆ, ಓದಿ. ತಿಕೋಟಾದವರೇ, "ಅರ್ಧ ಮುಂದಿನ ತಿಂಗಳು" ಅನ್ನುವುದು ಲೆಡ್ಜರ್ ನೋಡಿ ಹೇಳಿದ್ದೋ, ಅಂದಾಜೋ? ಏಪ್ರಿಲ್‌ನ ಬಾಕಿ 5 ಲಕ್ಷ ಜೂನ್‌ಗೆ ಜಾರಿದರೆ ಮೇನಲ್ಲಿ 3 ಅಲ್ಲ, 8 ಲಕ್ಷ ಬೇಕು.

ತಿಕೋಟಾ ವ್ಯಾಪಾರಿ: ಅಂದಾಜೇ ಸಾಹೇಬ್ರ. ಈಗ ತೆಗೆದು ನೋಡಿದೆ. ದೊಡ್ಡ ಗಿರಾಕಿ ಇಬ್ಬರೂ ಹೋದ ವರ್ಷ ಎರಡು ತಿಂಗಳ ಮೇಲೇ ಕೊಟ್ಟಿದ್ದಾರೆ.