ಕಟ್ಟಬೇಡಿ ಅಂದರೆ ಬಡ್ಡಿ ಇಲ್ಲ ಅಂತಲ್ಲ

"ಅತ್ತೆ, ಸಹನಾಳ ಓದಿನ ಲೋನ್ ಅಕೌಂಟ್ ನೋಡಿ ಗಾಬರಿ ಆಯಿತು. ಎರಡು ವರ್ಷಕ್ಕೆ ತೆಗೆದದ್ದು 3 ಲಕ್ಷ, ಬಾಕಿ ತೋರಿಸುತ್ತಿರುವುದು 3,45,000. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಡಿ ಅಂದಿದ್ದರು. ಬ್ಯಾಂಕಿನವರದ್ದು ಏನಾದರೂ ತಪ್ಪಾಗಿದೆಯಾ? – ರಘು"

ರಘೂ, ನಮ್ಮ ನೆಂಟರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೊಟ್ಟಿಗೆ ಕೆಲಸ ಮುಗಿಸಿ ಈಗ ಕೂತೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ತಪ್ಪೇನೂ ಆಗಿಲ್ಲ ಮಾರಾಯ. ಅದೇ ನೋಡು ತೊಂದರೆ. ಕಟ್ಟಬೇಡಿ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಇದು ನನಗೆ ಗೊತ್ತಾಗಲು ಒಂದು ವರ್ಷದ ಅಡಿಕೆ ಬೆಳೆ ಹೋಗಬೇಕಾಯಿತು.

ನಮ್ಮ ಗಿರೀಶ ಇಂಜಿನಿಯರಿಂಗ್ ಸೇರಿದ್ದು 2011ರಲ್ಲಿ. ವರ್ಷಕ್ಕೆ ಒಂದು ಲಕ್ಷದ ಹಾಗೆ ನಾಲ್ಕು ವರ್ಷ ಸಾಲ ತೆಗೆದೆವು, 12% ಬಡ್ಡಿ. ಸಹಿ ಹಾಕುವ ದಿನ ನಾನೂ ಜೊತೆಗೆ ತೀರ್ಥಹಳ್ಳಿಗೆ ಹೋಗಿದ್ದೆ. ಮ್ಯಾನೇಜರ್ ನಗುತ್ತಾ, "ಮೊರಟೋರಿಯಂ ಇದೆ ಅಮ್ಮ, ಹುಡುಗ ಓದಿ ಮುಗಿಸುವವರೆಗೆ ನೀವು ಆರಾಮಾಗಿರಿ" ಅಂದರು. ನಾವು ಆರಾಮಾಗಿಯೇ ಇದ್ದೆವು. ಶಾಲೆಗೆ ರಜೆ ಕೊಟ್ಟ ಹಾಗೆ ಸಾಲಕ್ಕೂ ರಜೆ ಅಂತ ತಿಳಿದಿದ್ದೆವು. ರಜೆ ಇದ್ದದ್ದು ಕಟ್ಟುವ ನಮಗೆ ಮಾತ್ರ, ಬಡ್ಡಿಗಲ್ಲ.

ಇನ್ನೊಂದು ವಿಷಯವೂ ನಮಗೆ ಗೊತ್ತಿರಲಿಲ್ಲ. ಆಗಿನ ನಿಯಮದಲ್ಲಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷ, ಇಲ್ಲವೇ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಅದು. ಗಿರೀಶನಿಗೆ 2015ರ ಆಗಸ್ಟಿನಲ್ಲೇ ಬೆಂಗಳೂರಿನಲ್ಲಿ ಕೆಲಸ ಆಯಿತು. ಬ್ಯಾಂಕಿನವರು ಕೇಳಿದರು ಅಂತ ಆರ್ಡರ್ ಕಾಪಿ ಕೊಟ್ಟು ಬಂದ. ಅಲ್ಲಿಗೆ 2016ರ ಫೆಬ್ರವರಿಗೇ ಕಂತು ಶುರು. ನಾವು ಮಳೆಗಾಲ ಕಳೆದ ಮೇಲೆ ನೋಡಿಕೊಂಡರಾಯಿತು ಅಂತ ಕೂತಿದ್ದೆವು. ಬ್ಯಾಂಕಿನ ಕಾಗದ ಬಂದಿತ್ತು, ಬಂದಿಲ್ಲ ಅಂತಲ್ಲ. ಇವರು ಅದನ್ನು ಮಡಚಿ ಪಂಚಾಂಗದೊಳಗೆ ಇಟ್ಟಿದ್ದರು!

ಮೇ ತಿಂಗಳಲ್ಲಿ ಬೆಳೆ ಸಾಲದ ರಿನೀವಲ್‌ಗೆ ಹೋದಾಗ ಬಂಡವಾಳ ಬಯಲಾಯಿತು. ಸಾಲಕ್ಕೆ ಇವರೂ ಜೊತೆಗೆ ಸಹಿ ಹಾಕಿದವರಲ್ಲವಾ, ಹಾಗಾಗಿ ಇವರ ಸಿಬಿಲ್‌ನಲ್ಲಿ, ಅಂದರೆ ಸಾಲ ಕಟ್ಟಿದ ದಾಖಲೆಯಲ್ಲಿ, ಸುಸ್ತಿ ಅಂತ ಬಂದಿತ್ತು. ನಾಲ್ಕು ಕಂತು ಬಾಕಿ, 40 ಸಾವಿರದ ಹತ್ತಿರ. ಅದು ಕಟ್ಟಿ ಸರಿಯಾಗುವವರೆಗೆ ಬೆಳೆ ಸಾಲ ಇಲ್ಲ ಅಂದುಬಿಟ್ಟರು. ನನ್ನ ಬಳೆ ಅಡವಿಟ್ಟು ಕಂತೇನೋ ತೀರಿಸಿದೆವು. ಆದರೆ ಕಾಗದಪತ್ರ ಓಡಾಡಿ ದುಡ್ಡು ಕೈಗೆ ಬರುವಾಗ ಜೂನ್ ಮುಗಿದಿತ್ತು. ಮೈಲುತುತ್ತ ಸುಣ್ಣ ತರಲು ದುಡ್ಡಿಲ್ಲದೆ ಮೊದಲ ಔಷಧಿ ಹೊಡೆಯುವುದೇ ತಪ್ಪಿತು. ಮಳೆ ಹಿಡಿದ ಮೇಲೆ ಹೊಡೆದು ಏನು ಪ್ರಯೋಜನ? ಕೆಳಗಿನ ತೋಟಕ್ಕೆ ಕೊಳೆ ಬಿತ್ತು. ದಿನಾ ಬೆಳಿಗ್ಗೆ ಮರದ ಬುಡದಲ್ಲಿ ಉದುರಿದ ಕಾಯಿ ಗುಡಿಸಿದವಳು ನಾನು.

ಕಂತು ಶುರುವಾಗುವಷ್ಟೊತ್ತಿಗೆ 4 ಲಕ್ಷದ ಸಾಲ 5,44,000 ಆಗಿತ್ತು. 1,44,000 ಬಡ್ಡಿ, ಒಂದು ಪೈಸೆ ಕಟ್ಟದೆ ಬಿಟ್ಟದ್ದಕ್ಕೆ. ಕಂತು ಶುರುವಾಗುವ ದಿನ ಆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ. ಅಲ್ಲಿಂದ ಬಡ್ಡಿಗೂ ಬಡ್ಡಿ. ತಿಂಗಳಿಗೆ 9,600 ಹಾಗೆ ಏಳು ವರ್ಷ. 4 ಲಕ್ಷ ತೆಗೆದು 8 ಲಕ್ಷ ಕಟ್ಟಿದೆವು ರಘು. ಅದಕ್ಕೇ ಮತ್ತೆ ಹೇಳುತ್ತೇನೆ, ಕಟ್ಟಬೇಡಿ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಮಾಲಿನಿಗೂ ಹೇಳು, ಸಹನಾಳಿಗೂ ಹೇಳು.

ನನಗೆ ಈಗಲೂ ಹೊಟ್ಟೆ ಉರಿಯುವುದು ದುಡ್ಡಿಗಲ್ಲ. ಸಾಲ ಮಂಜೂರಾದ ಪತ್ರ ಬಂದ ದಿನ ನಾನು, "ಒಮ್ಮೆ ಕೊಡಿ, ಓದುತ್ತೇನೆ" ಅಂದಿದ್ದೆ. "ನಿನಗ್ಯಾಕೆ ಅದೆಲ್ಲ, ಬ್ಯಾಂಕಿನ ವ್ಯವಹಾರ" ಅಂದರು. ಯಾರು ಅಂದರು ಅಂತ ಹೇಳುವುದಿಲ್ಲ, ಇದೇ ಗ್ರೂಪಿನಲ್ಲಿದ್ದಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ನೆಂಟರೂ ಇದೇ ಗ್ರೂಪಿನಲ್ಲಿದ್ದಾರೆ. ಆ ನಾಲ್ಕು ವರ್ಷವೂ ಹಬ್ಬಕ್ಕೆ ಬಂದು ನನ್ನ ಕೈಯ ಹೋಳಿಗೆ ಉಂಡು ಹೋದರು. "ಅಕ್ಕ, ಬಡ್ಡಿ ಏರುತ್ತಿರುತ್ತದೆ, ತಿಂಗಳಿಗೆ ಸ್ವಲ್ಪ ಕಟ್ಟುತ್ತಾ ಇರಿ" ಅಂತ ಒಂದು ಮಾತು ಬಾಯಲ್ಲಿ ಬರಲಿಲ್ಲ. ಕೇಳಿದ್ದಕ್ಕೆ "ನೀವು ಕೇಳಲೇ ಇಲ್ಲವಲ್ಲ" ಅಂದರು. ಗೊತ್ತಿಲ್ಲದವರು ಏನಂತ ಕೇಳುವುದು? ಕೊನೆ ಕೊಯ್ಲಿಗೆ ಆಳು ಬೇಕಾದಾಗ, ಅಪ್ಪೆಮಿಡಿ ಬೇಕಾದಾಗ ಮಾತ್ರ ನನ್ನ ನಂಬರ್ ನೆನಪಾಗುತ್ತದೆ. ದಿನಾ ಇಲ್ಲಿ ಗುಡ್ ಮಾರ್ನಿಂಗ್ ಹೂವಿನ ಫೋಟೋ ಹಾಕುವ ಬದಲು ಇಂಥದ್ದೊಂದು ಹೇಳಿದ್ದರೆ ನನ್ನ ಬಳೆ ಕೈಯಲ್ಲೇ ಇರುತ್ತಿತ್ತು. ಹೋಗಲಿ ಬಿಡು. ಓದಿದವರಿಗೆ ಅರ್ಥ ಆಗುತ್ತದೆ.

ಅಯ್ಯೋ, ನಿನ್ನ ಲೆಕ್ಕ ಅಲ್ಲೇ ಉಳಿಯಿತು.

ಮೊದಲು ಆ 45 ಸಾವಿರ ಹೇಗೆ ಬಂತು ಅಂತ ನೋಡು. ನಿನ್ನದು 10% ಅಲ್ವಾ? ದುಡ್ಡು ಕಾಲೇಜಿಗೆ ಹೋದ ದಿನದಿಂದ ಆಯಾ ದುಡ್ಡಿಗೆ ಬಡ್ಡಿ. ಮೊದಲ ವರ್ಷದ ಒಂದೂವರೆ ಲಕ್ಷಕ್ಕೆ ಎರಡು ವರ್ಷ ಆಯಿತು, 30 ಸಾವಿರ. ಎರಡನೇ ವರ್ಷದ್ದಕ್ಕೆ ಒಂದು ವರ್ಷ, 15 ಸಾವಿರ. ಸರಿಯಾಗಿ 45. ಅಂದರೆ ನಿನ್ನ ಬ್ಯಾಂಕಿನವರು ಓದುವ ಕಾಲಕ್ಕೆ ಸರಳ ಬಡ್ಡಿಯನ್ನೇ ಹಾಕಿದ್ದಾರೆ, ಅದೇ ಪದ್ಧತಿ. ಒಂದು ವೇಳೆ ಬಾಕಿ 3,48,000 ದಾಟಿದ್ದರೆ ಈಗಿನಿಂದಲೇ ಬಡ್ಡಿಗೆ ಬಡ್ಡಿ ಹಾಕುತ್ತಿದ್ದಾರೆ ಅಂತ ಅನುಮಾನ ಪಡಬೇಕಿತ್ತು. ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಇದೇ ಲೆಕ್ಕ ಹಾಕಿ ನೋಡು. ಮಧ್ಯೆ ಬಡ್ಡಿ ದರ ಬದಲಾಗಿದ್ದರೆ ಅದೂ ಅದರಲ್ಲಿ ಕಾಣುತ್ತದೆ.

ಇದನ್ನು ಹೀಗೇ ಬಿಟ್ಟರೆ ಏನಾಗುತ್ತದೆ ಅಂತ ಗಿರೀಶನ ಹತ್ತಿರ ಲೆಕ್ಕ ಹಾಕಿಸಿದೆ. ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ. ಕೋರ್ಸ್ ಮುಗಿದು ಒಂದು ವರ್ಷ ಕಳೆಯುವಾಗ ಬಡ್ಡಿ 2,10,000 ಆಗಿರುತ್ತದೆ. ಒಟ್ಟು 8,10,000. ಹತ್ತು ವರ್ಷದ ಕಂತು ಹಾಕಿದರೆ ತಿಂಗಳಿಗೆ 10,700. ಅದರಲ್ಲಿ ಮೊದಲ ತಿಂಗಳು 6,750 ಬಡ್ಡಿಗೇ ಹೋಗುತ್ತದೆ. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದರೆ ಕಂತು ಬೀಳುವುದು 6 ಲಕ್ಷಕ್ಕೆ ಮಾತ್ರ, ತಿಂಗಳಿಗೆ 7,930. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ ಇದನ್ನೂ ಕಟ್ಟುವಾಗ ಆ 2,770 ದೊಡ್ಡದೇ. ಹತ್ತು ವರ್ಷಕ್ಕೆ ಅದು 3,32,400 ಆಗುತ್ತದೆ. 2,10,000 ಉಳಿಸಲು ಹೋಗಿ 3,32,400 ಕೊಟ್ಟ ಹಾಗೆ. ನೀವು ಈಗ ಕಟ್ಟುವ ದುಡ್ಡಿಗೆ ಡೆಪಾಸಿಟ್‌ನಲ್ಲಿ ಬರುತ್ತಿದ್ದ ಬಡ್ಡಿ ತಪ್ಪುತ್ತದೆ, ಅದು ನಿಜ. ಆದರೆ ಡೆಪಾಸಿಟ್ ಯಾರಪ್ಪ 10% ಕೊಡುತ್ತಾರೆ?

ಹಾಗಾಗಿ ನೀನು ಮಾಡಬೇಕಾದದ್ದು ಇಷ್ಟು. ಈ ಸಲದ ಅಡಿಕೆ ದುಡ್ಡು ಬಂದ ಕೂಡಲೇ ಆ 45 ಸಾವಿರ ತೀರಿಸು. ಆಮೇಲೆ ತಿಂಗಳ ಬಡ್ಡಿ ಕಟ್ಟು. ಮೂರನೇ ವರ್ಷದ ದುಡ್ಡು ಕಾಲೇಜಿಗೆ ಹೋದ ಮೇಲೆ ಅದು 3,750, ನಾಲ್ಕನೇ ವರ್ಷ 5,000, ಕಾಯುವ ಆ ಒಂದು ವರ್ಷವೂ 5,000. ನಿನ್ನ ಉಳಿತಾಯ ಖಾತೆಯಿಂದ ತಾನಾಗಿ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟು ಬಾ, ಇಲ್ಲದಿದ್ದರೆ ಮರೆಯುತ್ತದೆ. ಪೂರ್ತಿ ಆಗದ ತಿಂಗಳು ಸಾವಿರವಾದರೂ ಹಾಕು. ಕಟ್ಟಲೇಬೇಕು ಅಂತ ಇಲ್ಲವಲ್ಲ, ಹಾಗಾಗಿ ಕಡಿಮೆ ಕಟ್ಟಿದರೆ ಸುಸ್ತಿ ಆಗುವುದಿಲ್ಲ.

ಓದುವಾಗಲೇ ಬಡ್ಡಿ ಕಟ್ಟುವವರಿಗೆ ಎಷ್ಟೋ ಬ್ಯಾಂಕಿನಲ್ಲಿ ದರ 1% ಕಡಿಮೆ ಮಾಡುತ್ತಾರೆ. ನಿನ್ನ ಮಂಜೂರಾತಿ ಪತ್ರದಲ್ಲಿ ಹಾಗೆ ಇದೆಯಾ ನೋಡು. ಎರಡು ವರ್ಷ ಬಿಟ್ಟದ್ದಕ್ಕೆ ಆಗುವುದಿಲ್ಲ ಅನ್ನಬಹುದು, ಕೇಳುವುದಕ್ಕೇನು. ಅದೇ ಪತ್ರದಲ್ಲಿ ಕಂತು ಯಾವಾಗಿನಿಂದ ಅನ್ನುವುದೂ ಇರುತ್ತದೆ. ಈಗಿನ ಸಾಲಗಳಿಗೆ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರಿ. ಪಂಚಾಂಗದೊಳಗೆ ಇಡಬೇಡ. ಸಹನಾಳ ನಂಬರ್, ವಿಳಾಸ ಬದಲಾದರೆ ಬ್ಯಾಂಕಿಗೆ ತಿಳಿಸಬೇಕು.

ಕಂತು ಶುರುವಾಗುವಾಗ ಹದಿನೈದು ವರ್ಷ ಮಾಡೋಣ, ಕಂತು ಕಡಿಮೆ ಬೀಳುತ್ತದೆ ಅನ್ನುತ್ತಾರೆ. ಅವಳ ಸಂಬಳ ಸಣ್ಣದಿದ್ದರೆ ಒಪ್ಪಿಕೊಳ್ಳಲಿ, ತಪ್ಪುವುದಕ್ಕಿಂತ ಅದು ವಾಸಿ. ಸಂಬಳ ಏರಿದ ಮೇಲೆ ಕೈಯಲ್ಲಿದ್ದದ್ದನ್ನು ಜಾಸ್ತಿ ಕಟ್ಟುತ್ತಾ ಹೋಗಬಹುದು. ಹಾಗೆ ಕಟ್ಟುವಾಗ "ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದು ಕೊಡಬೇಕು. ಗಿರೀಶ ಕೊನೆಯ ವರ್ಷ ಹಾಗೆ ಮಾಡಿದ.

ಗ್ರೂಪಿನಲ್ಲಿ ಉಳಿದವರೂ ಕೇಳಿ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗೆ ಇದ್ದು, ಮಕ್ಕಳು ಇಂಜಿನಿಯರಿಂಗ್‌ನಂಥ ಕೋರ್ಸ್ ಓದುತ್ತಿದ್ದರೆ ಈ ಕಾಯುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕೊಡುವ ಯೋಜನೆ ಇದೆ. ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರಬೇಕು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿ ಬ್ಯಾಂಕಿಗೆ ಕೊಡಿ, ಕೊಟ್ಟದ್ದಕ್ಕೆ ಸಹಿ ತಗೊಳ್ಳಿ. ಮಗು ಓದು ಅರ್ಧಕ್ಕೆ ಬಿಟ್ಟರೆ ಸಿಗುವುದಿಲ್ಲ. ರಘು, ನೀವಿಬ್ಬರೂ ಸಂಬಳದವರು, ಆದಾಯ ಆ ಮಿತಿ ದಾಟುತ್ತದೆ, ನಿಮಗೆ ಆಗುವುದಿಲ್ಲ.

ಸೋಮವಾರ ಬ್ಯಾಂಕಿಗೆ ಹೋಗುವಾಗ ಮಾಲಿನಿಯನ್ನೂ ಕರೆದುಕೊಂಡು ಹೋಗು. ಆ ಪತ್ರ ಅವಳೂ ಓದಲಿ. ಕರೆಂಟ್ ಹೋಯಿತು, ಫೋನ್‌ನಲ್ಲಿ ಚಾರ್ಜ್ ಇಲ್ಲ, ಇಡುತ್ತೇನೆ.