ಅಪ್‌ಡೇಟ್: ಪಂಚೆಯ ಕಲೆ ಹೋಯಿತು, ಸೆರಗಿನದು ಮುಕ್ಕಾಲು ಪಾಲು

ನನ್ನ ಪ್ರಶ್ನೆ: “ಮದುವೆ ಊಟದಲ್ಲಿ ಯಜಮಾನರ ಬಿಳಿ ಹತ್ತಿ ಪಂಚೆಗೂ ನನ್ನ ಮೈಸೂರು ಸಿಲ್ಕ್ ಸೆರಗಿಗೂ ಸಾಂಬಾರ್ ಚೆಲ್ಲಿದೆ. ಅವರ ಅಂಗಿ ಜೇಬಿಗೆ ಬಾಲ್‌ಪೆನ್ ಇಂಕ್ ಬೇರೆ. ಬಟ್ಟೆ ಹಾಳಾಗದಂತೆ ತೆಗೆಯೋದು ಹೇಗೆ?”

ಪಂಚೆಗೆ ಕೆಲಸ ಮಾಡಿದ್ದು “ಮೊದಲು ಎಣ್ಣೆ, ಆಮೇಲೆ ಅರಿಶಿನ” ಅಂದವರ ಸಲಹೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದೆ. ಜಿಡ್ಡು ಹೋಯಿತು. ಬಟ್ಟೆ ಸೋಪು ತಾಗಿದ್ದೇ ತಡ, ಹಳದಿ ಕಲೆ ಕುಂಕುಮದಂತೆ ಕೆಂಪಾಯಿತು! ಸೋಪಿನ ಕ್ಷಾರಕ್ಕೆ ಅರಿಶಿನ ಹಾಗಾಗುತ್ತದಂತೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ. ಒದ್ದೆ ಪಂಚೆಯನ್ನೇ ಬಿಸಿಲಿಗೆ ಹಾಕಿದೆ, ಸಂಜೆಗೆ ಕಲೆ ಹುಡುಕಬೇಕಾಯಿತು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ನಿಂಬೆರಸದಿಂದ ಮಾತ್ರ ಏನೂ ಆಗಲಿಲ್ಲ.

ರೇಷ್ಮೆಗೆ ಈ ಬಿಸಿಲಿನ ಉಪಾಯ ಬೇಡ. ಸೀರೆಯ ಬಣ್ಣವೂ ಮಾಸುತ್ತೆ, ನೂಲೂ ಸೋಲುತ್ತೆ. ಬ್ಲೀಚ್ ಅಂತೂ ರೇಷ್ಮೆಯನ್ನೇ ತಿಂದುಬಿಡುತ್ತೆ. ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟೆ, ಬೆಳಗ್ಗೆ ಎಣ್ಣೆ ಹೀರಿ ಗಂಟುಗಂಟಾಗಿತ್ತು. ಬ್ರಷ್‌ನಲ್ಲಿ ಕೊಡವಿದೆ. ಒಳಮಡಿಕೆಯಲ್ಲಿ ಬಣ್ಣ ಬಿಡುತ್ತಾ ಅಂತ ನೋಡಿಕೊಂಡು, ತಣ್ಣೀರಿಗೆ ಒಂದೆರಡು ಹನಿ ಶಾಂಪೂ ಹಾಕಿ ಉಜ್ಜದೆ ಒತ್ತಿದೆ. ನೆರಳಲ್ಲಿ ಒಣಗಿಸಿದೆ. ತೆಳು ಹಳದಿ ಉಳಿದಿದೆ. ಅದನ್ನು ಅರಿಶಿನದ್ದೆಂದೇ ಹೇಳಿ ಡ್ರೈಕ್ಲೀನಿಂಗ್‌ಗೆ ಕೊಡುತ್ತೇನೆ.

ಇಂಕಿಗೆ ಟೂತ್‌ಪೇಸ್ಟ್ ಸುಮ್ನೆ ದಂಡ. ಅಡಿಗೆ ಹಳೇ ಬಟ್ಟೆ ಇಟ್ಟು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒತ್ತುತ್ತಾ ಹೋದರೆ ಇಂಕ್ ಕೆಳಗಿಳಿಯುತ್ತದೆ. ಅಡಿಬಟ್ಟೆಯ ಜಾಗ ಬದಲಿಸುತ್ತಿರಿ, ಇಲ್ಲದಿದ್ದರೆ ಅದೇ ಇಂಕ್ ವಾಪಸ್ ಹತ್ತುತ್ತೆ.